ಟಾಪರ್ ಪೋಸ್ಟ್: ಮೊದಲು ಮನೆಯವರ ಒಪ್ಪಿಗೆ, ಆಮೇಲೆ ಕ್ಯಾಪ್ಷನ್

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಸಂಜೆ ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆ ಯಾರದ್ದಾದರೂ ವಾಟ್ಸ್ಆ್ಯಪ್ ಸ್ಟೇಟಸ್ ತೆಗೆದು ನೋಡಿ. ಎಲ್ಲ ಟ್ಯೂಷನ್‌ಗಳ ಪೋಸ್ಟರ್‌ಗೂ ಒಂದೇ ಅಚ್ಚು. ಪಾಸ್‌ಪೋರ್ಟ್ ಸೈಜ್ ಫೋಟೋ, ಹೆಸರು, ಅಪ್ಪನ ಹೆಸರು, ಊರು, ಕಾಲೇಜು, ಅಂಕ. ಕೆಲವರು ರಿಜಿಸ್ಟರ್ ನಂಬರ್ ಕೂಡ ಬಿಡುವುದಿಲ್ಲ. ಎರಡು ದಿನದಲ್ಲಿ ಅದೇ ಪೋಸ್ಟರ್ ಫ್ಲೆಕ್ಸ್ ಆಗಿ ಬಸ್ ಸ್ಟ್ಯಾಂಡ್ ಮುಂದೆ ನಿಂತಿರುತ್ತದೆ. ಆ ಫೋಟೋ ಬಹುತೇಕ ಅಡ್ಮಿಷನ್ ಫಾರ್ಮ್‌ಗೆ ಅಂಟಿಸಲು ಕೊಟ್ಟದ್ದು. ಪೋಸ್ಟರ್‌ಗೆ ಬಳಸ್ತೀವಿ ಅಂತ ಹುಡುಗಿಯನ್ನೂ ಕೇಳಿರುವುದಿಲ್ಲ, ಮನೆಯವರನ್ನೂ ಕೇಳಿರುವುದಿಲ್ಲ.

ಟ್ಯೂಷನ್ ನಡೆಸುವವರಿಗೂ, ಅವರ ಪೇಜ್ ನೋಡಿಕೊಳ್ಳುವ ಹುಡುಗರಿಗೂ ಇದು ಕೆಲಸಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಟಾಪರ್‌ಗಳ ಪೋಸ್ಟೇ ಬೇಡ ಅಂತ ನಾನು ಹೇಳುತ್ತಿಲ್ಲ. ಓದಿದ ಮಕ್ಕಳನ್ನು ಊರು ಹೊಗಳಲಿ. ಆದರೆ ಕ್ಯಾಪ್ಷನ್‌ನಲ್ಲಿ ಏನಿರಬೇಕು ಅನ್ನುವುದನ್ನು ಮನೆಯವರು ಸಹಿ ಹಾಕಿದ ಒಂದು ಹಾಳೆ ನಿರ್ಧರಿಸಬೇಕು. ಆ ಹಾಳೆ ಕೈಗೆ ಬಂದ ಮೇಲೆ ಬರೆಯುವ ಕೆಲಸ ಹತ್ತು ನಿಮಿಷದ್ದು.

ರಿಸಲ್ಟ್ ದಿನ ಹೆಸರು ಹಾಕಬೇಡಿ

ತಪ್ಪುಗಳು ಜಾಸ್ತಿ ಆಗುವುದು ಮೊದಲ ನಾಲ್ಕೈದು ಗಂಟೆಯಲ್ಲಿ. ಎದುರಿನ ಟ್ಯೂಷನ್‌ನವರು ಹಾಕಿಬಿಟ್ಟರು, ನಾವಿನ್ನೂ ಹಾಕಿಲ್ಲ ಅನ್ನುವ ಅವಸರ. ಮಕ್ಕಳು ಕಳಿಸಿದ ಸ್ಕ್ರೀನ್‌ಶಾಟ್ ಹಾಗೇ ಸ್ಟೇಟಸ್‌ಗೆ ಏರುತ್ತದೆ. ಅದರಲ್ಲಿ ರಿಜಿಸ್ಟರ್ ನಂಬರ್ ಇರುತ್ತದೆ, ಪ್ರತಿ ವಿಷಯದ ಅಂಕ ಇರುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಲು ವೆಬ್‌ಸೈಟ್ ಕೇಳುವುದು ರಿಜಿಸ್ಟರ್ ನಂಬರ್ ಮತ್ತು ಹುಟ್ಟಿದ ದಿನಾಂಕ. ಈ ಎರಡೂ ಒಂದೇ ಪೋಸ್ಟರ್‌ನಲ್ಲಿದ್ದರೆ ಆ ಮಗುವಿನ ಅಂಕಪಟ್ಟಿಯನ್ನು ಯಾರು ಬೇಕಾದರೂ ತೆಗೆಯಬಹುದು. ನೀಟ್ ಸ್ಕೋರ್ ಕಾರ್ಡ್ ಇನ್ನೂ ಅಪಾಯ. ತಂದೆ, ತಾಯಿ ಹೆಸರು, ಹುಟ್ಟಿದ ದಿನಾಂಕ, ಅರ್ಜಿ ಸಂಖ್ಯೆ, ಕೆಟಗರಿ ಎಲ್ಲ ಒಂದೇ ಹಾಳೆಯಲ್ಲಿ ಇರುತ್ತವೆ.

ಹಾಗಾಗಿ ಮೊದಲ ದಿನಕ್ಕೆ ಬರೀ ಲೆಕ್ಕದ ಪೋಸ್ಟ್ ಸಾಕು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಯಾಕೆಂದರೆ ಅದರಲ್ಲಿ ಯಾರೂ ಇಲ್ಲ:

> ಈ ವರ್ಷ ನಮ್ಮಲ್ಲಿ ಸೆಕೆಂಡ್ ಪಿಯುಸಿ ಗಣಿತ, ಭೌತಶಾಸ್ತ್ರ ಓದಿದ 70 ಮಕ್ಕಳಲ್ಲಿ 66 ಮಂದಿ ಎರಡೂ ವಿಷಯದಲ್ಲಿ ಪಾಸ್. 11 ಮಕ್ಕಳಿಗೆ ಗಣಿತದಲ್ಲಿ 95ಕ್ಕಿಂತ ಜಾಸ್ತಿ. ಎಲ್ಲರಿಗೂ ಅಭಿನಂದನೆ. ಉಳಿದ ನಾಲ್ವರು ಎಕ್ಸಾಮ್-2 ಬರೆಯುತ್ತಾರೆ, ಅವರ ಕ್ಲಾಸ್ ಎಂದಿನ ಹಾಗೆ ನಡೆಯುತ್ತದೆ.

ಕೊನೆಯ ಸಾಲನ್ನು ಬೇಕಂತಲೇ ಇಟ್ಟಿದ್ದೇನೆ. ಅಡ್ಮಿಷನ್ ಕೇಳಿಕೊಂಡು ಬರುವ ಅಪ್ಪ, ಅಮ್ಮನಿಗೆ ಟಾಪರ್ ಫೋಟೋಗಿಂತ ಅದು ಜಾಸ್ತಿ ಹೇಳುತ್ತದೆ. ಆದರೆ ಒಂದು ಎಚ್ಚರ. ಬ್ಯಾಚ್ ಸಣ್ಣದಿದ್ದರೆ, ಅಂದರೆ ಎಂಟು ಮಕ್ಕಳಲ್ಲಿ ಒಬ್ಬನೇ ಫೇಲ್ ಆಗಿದ್ದರೆ, ಆ ಲೆಕ್ಕ ಹಾಕಬೇಡಿ. ಯಾರು ಅಂತ ಓಣಿಗೆಲ್ಲ ಗೊತ್ತಾಗುತ್ತದೆ.

ಹೆಸರಿರುವ ಪೋಸ್ಟ್ ಮೂರು ದಿನ ಬಿಟ್ಟು ಬರಲಿ. ಆ ಮೂರು ದಿನ ಒಪ್ಪಿಗೆ ತೆಗೆದುಕೊಳ್ಳುವುದಕ್ಕೆ.

ಒಪ್ಪಿಗೆ ಯಾವಾಗ, ಯಾರಿಂದ

ಬಹಳ ಕಡೆ ಅಡ್ಮಿಷನ್ ಫಾರ್ಮ್‌ನ ಕೊನೆಗೆ ಒಂದು ಸಾಲು ಇರುತ್ತದೆ: ವಿದ್ಯಾರ್ಥಿಯ ಫೋಟೋ ಬಳಸಲು ಸಂಸ್ಥೆಗೆ ಹಕ್ಕಿದೆ ಅಂತ. ಅದನ್ನು ನಂಬಿ ಕೂರಬೇಡಿ. ಕೋಚಿಂಗ್ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ವಿದ್ಯಾರ್ಥಿಯ ಹೆಸರು, ಫೋಟೋ ಅಥವಾ ಮಾತನ್ನು ಜಾಹೀರಾತಿಗೆ ಬಳಸಬೇಕಾದರೆ ಲಿಖಿತ ಒಪ್ಪಿಗೆ ಬೇಕು, ಅದನ್ನೂ ಆ ವಿದ್ಯಾರ್ಥಿ ಆಯ್ಕೆಯಾದ ಮೇಲೆ, ಯಶಸ್ಸು ಬಂದ ಮೇಲೆ ಪಡೆಯಬೇಕು ಅಂತ ಅದರಲ್ಲಿದೆ. ಕಾರಣ ಸರಳ. ಅಡ್ಮಿಷನ್ ದಿನ ಫೀಸ್ ಕಟ್ಟುವ ಅವಸರದಲ್ಲಿ ಅಪ್ಪ ಎಲ್ಲದಕ್ಕೂ ಸಹಿ ಹಾಕುತ್ತಾರೆ. ಆ ಮಾರ್ಗಸೂಚಿ 50ಕ್ಕಿಂತ ಜಾಸ್ತಿ ಮಕ್ಕಳಿರುವ ಕೋಚಿಂಗ್‌ಗೆ ಅನ್ವಯ. ನಿಮ್ಮಲ್ಲಿ 30 ಮಕ್ಕಳಿದ್ದರೂ ಇದೇ ಪದ್ಧತಿ ಇಟ್ಟುಕೊಳ್ಳಿ, ನಷ್ಟ ಏನಿಲ್ಲ.

ಇನ್ನೊಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆ ಬೇಕು. ಆ ಒಪ್ಪಿಗೆ ನಿಜವಾಗಿ ಅವರದ್ದೇ ಅಂತ ಪರಿಶೀಲಿಸಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇಟ್ಟರು. ಗ್ರಾಹಕ ಪ್ರಾಧಿಕಾರದ ಮಾರ್ಗಸೂಚಿಗೆ ಅಂಥ ಕಾಯುವಿಕೆ ಇಲ್ಲ.

ಸೆಕೆಂಡ್ ಪಿಯುಸಿಯವರ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಒಂದೇ ಬೆಂಚಿನಲ್ಲಿ 17ರ ಹುಡುಗನೂ 18 ತುಂಬಿದ ಹುಡುಗಿಯೂ ಇರುತ್ತಾರೆ. ಪೋಸ್ಟ್ ಹಾಕುವ ದಿನಕ್ಕೆ 18 ತುಂಬಿದೆಯಾ ಅಂತ ನೋಡಿ. ತುಂಬಿದ್ದರೆ ಸಹಿ ಅವರದ್ದೇ, ಮನೆಯವರಿಗೆ ತಿಳಿಸಿದರೆ ಒಳ್ಳೆಯದು. ತುಂಬಿಲ್ಲ ಅಂದರೆ ಮನೆಯವರ ಸಹಿ ಬೇಕೇ ಬೇಕು, ಅದರ ಜೊತೆ ಮಗುವಿನದ್ದೂ ಇರಲಿ. ಅಪ್ಪ ಹೂಂ ಅಂದು ಮಗಳು ಬೇಡ ಅಂದರೆ ಹಾಕಬಾರದು. ಕಾನೂನು ಅಪ್ಪನನ್ನು ಮಾತ್ರ ಕೇಳು ಅನ್ನಬಹುದು. ಆದರೆ ನಾಳೆ ಕಾಲೇಜಿನಲ್ಲಿ ಆ ಫೋಟೋ ಹಿಡಿದು ಚುಡಾಯಿಸಿಕೊಳ್ಳುವವಳು ಅವಳು.

ಅಜ್ಜ, ಚಿಕ್ಕಪ್ಪ, ಪಕ್ಕದ ಮನೆಯ ಅಣ್ಣ ಬಂದು ಸಹಿ ಹಾಕುತ್ತೇನೆ ಅನ್ನುವುದು ನಮ್ಮ ಕಡೆ ಸಾಮಾನ್ಯ. ಅಪ್ಪ, ಅಮ್ಮ ದುಡಿಯಲು ಬೆಂಗಳೂರಿಗೆ ಹೋಗಿ ಹುಡುಗ ಅಜ್ಜಿ ಮನೆಯಲ್ಲಿದ್ದರೆ ಇನ್ನೂ ಕಷ್ಟ. ಆಗ ಅಡ್ಮಿಷನ್ ಫಾರ್ಮ್‌ನಲ್ಲಿ ಬರೆಸಿದ ನಂಬರ್‌ಗೇ ಫೋನ್ ಮಾಡಿ. ಹುಡುಗ ಕೊಟ್ಟ ಹೊಸ ನಂಬರ್‌ಗೆ ಮಾಡಬೇಡಿ. ಗೆಳೆಯನ ಕೈಗೆ ಫೋನ್ ಕೊಟ್ಟು ಅಪ್ಪನ ಧ್ವನಿಯಲ್ಲಿ ಮಾತಾಡಿಸುವ ಹುಡುಗರೂ ಇರುತ್ತಾರೆ, ಅಲ್ವಾ? ಒಪ್ಪಿಗೆ ಹಾಳೆ ಓದಿ ಹೇಳಿ, ಆಮೇಲೆ ಅದೇ ನಂಬರ್‌ನಿಂದ ವಾಯ್ಸ್ ಮೆಸೇಜ್ ಕಳಿಸಲು ಹೇಳಿ. ಹೀಗೆ ಬಂದರೆ ಸಾಕು:

> ಸರ, ನಾನು ಅವನ ತಂದಿ ಮಾತಾಡ್ತೀನ್ರಿ. ಹೆಸರು, ಮಾರ್ಕ್ಸ್ ಹಾಕ್ರಿ. ಫೋಟೋ ಮಾತ್ರ ಬ್ಯಾಡ್ರಿ. ಸ್ಟೇಟಸ್‌ಗ ಹಾಕಿದ್ರ ಸಾಕು, ಫ್ಲೆಕ್ಸ್ ಬ್ಯಾಡ.

ಊರಿಗೆ ಬಂದಾಗ ಸಹಿ ತೆಗೆದುಕೊಳ್ಳಿ, ಅಲ್ಲಿಯವರೆಗೆ ಆ ಮೆಸೇಜ್ ಅಳಿಸಬೇಡಿ. ಆಧಾರ್ ಝೆರಾಕ್ಸ್ ಕೇಳುವುದು ಬೇಡ. ಅದನ್ನು ಇಟ್ಟುಕೊಂಡರೆ ಕಾಪಾಡುವ ಇನ್ನೊಂದು ಹೊಣೆ ನಿಮ್ಮ ಹೆಗಲಿಗೆ ಬಿತ್ತು. ತಂದೆ, ತಾಯಿ ವಿವರ ಹೇಗೂ ನಿಮ್ಮ ಅಡ್ಮಿಷನ್ ಪುಸ್ತಕದಲ್ಲಿ ಇರುತ್ತದೆ. ಪರಿಶೀಲನೆಗೆ ಈಗಾಗಲೇ ಕೈಯಲ್ಲಿರುವ ಅಂಥ ನಂಬಲರ್ಹ ವಿವರವನ್ನು ಬಳಸಲು ನಿಯಮವೇ ಅವಕಾಶ ಕೊಡುತ್ತದೆ.

ಓದು ಬಾರದ ಅಮ್ಮ ಹೆಬ್ಬೆಟ್ಟು ಒತ್ತುವುದಾದರೆ, ಮಗಳಿಂದ ಓದಿಸಬೇಡಿ. ನೀವೇ ಓದಿ ಹೇಳಿ, ಹೆಬ್ಬೆಟ್ಟಿನ ಪಕ್ಕ ಓದಿ ಹೇಳಿದವರ ಹೆಸರು ಬರೆಯಿರಿ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪ್‌ಗಳಲ್ಲಿ ಮನೆಮಾತು ತೆಲುಗು, ರಾಯಚೂರಿನ ಎಷ್ಟೋ ಮನೆಗಳಲ್ಲಿ ಉರ್ದು. ಆ ಮಾತಿನಲ್ಲೇ ಹೇಳಿದರೆ ಬೇಡ ಅನ್ನಬೇಕಾದವರು ಧೈರ್ಯವಾಗಿ ಬೇಡ ಅನ್ನುತ್ತಾರೆ.

ಒಪ್ಪಿಗೆ ಹಾಳೆ

ಒಂದೇ ಸಾಲಿನಲ್ಲಿ ಎಲ್ಲದಕ್ಕೂ ಒಪ್ಪಿದ್ದೇನೆ ಅಂತ ಬರೆಸಿಕೊಂಡರೆ ಅದು ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ. ಬಹಳ ಮನೆಗಳಲ್ಲಿ ಅಂಕ ಹಾಕಲು ಅಡ್ಡಿ ಇರುವುದಿಲ್ಲ, ಫೋಟೋಗೆ ಇರುತ್ತದೆ. ಸ್ಟೇಟಸ್ ಓಕೆ, ಫ್ಲೆಕ್ಸ್ ಬೇಡ ಅನ್ನುವವರು ಇನ್ನೂ ಜಾಸ್ತಿ. ಸ್ಟೇಟಸ್ ಒಂದು ದಿನಕ್ಕೆ ಹೋಗುತ್ತದೆ, ಫ್ಲೆಕ್ಸ್ ಮುಂದಿನ ಮಳೆಗಾಲದ ತನಕ ನಿಲ್ಲುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ಬೇರೆ ಬೇರೆ ಹೌದು, ಬೇಡ ಇರಬೇಕು. ಒಂದು ಹಾಳೆಯ ಒಂದೇ ಮಗ್ಗುಲಲ್ಲಿ ಮುಗಿಯುವ ಹಾಗೆ ಇದನ್ನು ಟೈಪ್ ಮಾಡಿಸಿಕೊಳ್ಳಿ:

> ರಿಸಲ್ಟ್ ಪೋಸ್ಟ್‌ಗೆ ಒಪ್ಪಿಗೆ
>
> ನಿಮ್ಮ ಮಗ/ಮಗಳು ____ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದಿದ್ದಾರೆ. ಇದನ್ನು ನಮ್ಮ ಟ್ಯೂಷನ್ ಪರವಾಗಿ ಊರಿಗೆ ತಿಳಿಸಲು ನಮಗೆ ಆಸೆ ಇದೆ. ಇದು ನಮ್ಮ ಪ್ರಚಾರವೂ ಹೌದು. ಯಾವುದಕ್ಕೆ ಒಪ್ಪಿಗೆ ಇದೆ, ಯಾವುದಕ್ಕೆ ಇಲ್ಲ ಅಂತ ಗುರುತು ಹಾಕಿ.
>
> ಹೆಸರು: ಪೂರ್ತಿ / ಮೊದಲ ಹೆಸರು ಮಾತ್ರ / ಬೇಡ
>
> ಫೋಟೋ: ಹೌದು / ಬೇಡ
>
> ನಾವು ಕಲಿಸಿದ ವಿಷಯದ ಅಂಕ: ಹೌದು / ಬೇಡ
>
> ಒಟ್ಟು ಅಂಕ ಅಥವಾ ರ‍್ಯಾಂಕ್: ಹೌದು / ಬೇಡ
>
> ಕಾಲೇಜಿನ ಹೆಸರು: ಹೌದು / ಬೇಡ
>
> ಎಲ್ಲಿ ಹಾಕಬಹುದು: ವಾಟ್ಸ್ಆ್ಯಪ್ ಸ್ಟೇಟಸ್ / ಫೇಸ್‌ಬುಕ್, ಇನ್‌ಸ್ಟಾಗ್ರಾಮ್ / ಫ್ಲೆಕ್ಸ್ / ಪತ್ರಿಕೆ, ಕರಪತ್ರ
>
> ಎಲ್ಲಿಯ ತನಕ: ____ ತಾರೀಖಿನವರೆಗೆ. ಆಮೇಲೆ ನಾವೇ ತೆಗೆಯುತ್ತೇವೆ.
>
> ಒಪ್ಪದಿದ್ದರೆ ಕ್ಲಾಸ್, ಬಹುಮಾನ, ಫೀಸ್ ರಿಯಾಯಿತಿ ಯಾವುದಕ್ಕೂ ತೊಂದರೆ ಇಲ್ಲ. ಈಗ ಒಪ್ಪಿ ಆಮೇಲೆ ಬೇಡ ಅನ್ನಿಸಿದರೆ ____ ನಂಬರ್‌ಗೆ ಒಂದು ಮೆಸೇಜ್ ಕಳಿಸಿ. ಕಾರಣ ಹೇಳಬೇಕಿಲ್ಲ.
>
> ತಂದೆ/ತಾಯಿ/ಪೋಷಕರ ಸಹಿ, ತಾರೀಖು. ವಿದ್ಯಾರ್ಥಿಯ ಸಹಿ.

ಊರಿನ ಹೆಸರು, ಅಪ್ಪನ ಹೆಸರು, ಜಾತಿ, ಕೆಟಗರಿಗೆ ನಾನು ಜಾಗವನ್ನೇ ಇಟ್ಟಿಲ್ಲ. ಜಾಗ ಇಟ್ಟರೆ ಯಾರಾದರೂ ಹೌದು ಅನ್ನುತ್ತಾರೆ, ಆಮೇಲೆ ಹಾಕಬೇಕಾಗುತ್ತದೆ. ಹಳ್ಳಿ ಹೆಸರು, ಅಪ್ಪನ ಹೆಸರು, ಫೋಟೋ ಮೂರೂ ಸೇರಿದರೆ ಹುಡುಗಿಯ ಮನೆ ವಿಳಾಸ ಕೊಟ್ಟಂತೆಯೇ. ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇವೆ ಅನ್ನುವ ಏಜೆಂಟ್‌ಗಳಿಗೂ, ಸ್ಕಾಲರ್‌ಶಿಪ್ ಬಂದಿದೆ ಓಟಿಪಿ ಹೇಳಿ ಅನ್ನುವವರಿಗೂ ಇಷ್ಟು ಸಿಕ್ಕರೆ ಮನೆಯವರ ಹತ್ತಿರ ನಂಬಿಕೆ ಹುಟ್ಟುವ ಹಾಗೆ ಮಾತಾಡಲು ಸಾಕು. ಇನ್ನು ನೀಟ್ ಪೋಸ್ಟರ್‌ನಲ್ಲಿ ಕೆಟಗರಿ ರ‍್ಯಾಂಕ್ ದೊಡ್ಡದಾಗಿ ಹಾಕುವುದು ಒಂದು ಚಾಳಿ. 371ಜೆ ಅಂತ ಬರೆದರೆ ಹೊಸ ಸುದ್ದಿ ಏನಿಲ್ಲ, ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆ ಅದರೊಳಗೇ ಇವೆ. ಆದರೆ ಕೆಟಗರಿ ಬರೆದರೆ ಆ ಮಗುವಿನ ಜಾತಿಯನ್ನು ಸರ್ಕಲ್‌ನಲ್ಲಿ ಕೂಗಿದಂತೆ.

ಇದು ನಮ್ಮ ಪ್ರಚಾರವೂ ಹೌದು ಅನ್ನುವ ಸಾಲನ್ನು ಕೆಲವು ಟ್ಯೂಷನ್‌ನವರು ತೆಗೆಸುತ್ತಾರೆ. ಬಿಡಬೇಡಿ. ಸನ್ಮಾನ ಅಂದುಕೊಂಡು ಹೂಂ ಅಂದ ಅಪ್ಪ ಅದೇ ಫೋಟೋವನ್ನು ಅಡ್ಮಿಷನ್ ಓಪನ್ ಅನ್ನುವ ಕರಪತ್ರದಲ್ಲಿ ನೋಡಿದಾಗ ಜಗಳ ಶುರುವಾಗುವುದು ಈ ಸಾಲು ಇಲ್ಲದ್ದಕ್ಕೆ.

ಇನ್ನು ಹಾಳೆಯನ್ನು ಕೊಡುವ ರೀತಿ. ಸನ್ಮಾನದ ವೇದಿಕೆ ಮೇಲೆ, ಶಾಲು ಹೊದಿಸಿದ ಮೇಲೆ ಪೆನ್ನು ಕೊಟ್ಟರೆ ಯಾರೂ ಇಲ್ಲ ಅನ್ನುವುದಿಲ್ಲ. ಮನೆಗೆ ಕೊಟ್ಟು ಕಳಿಸಿ, ಎರಡು ದಿನ ಬಿಡಿ. ವಾಪಸ್ ಬರದಿದ್ದರೆ ಒಂದು ಸಲ ನೆನಪಿಸಿ. ಆಮೇಲೂ ಬರಲಿಲ್ಲ ಅಂದರೆ ಅದನ್ನು ಬೇಡ ಅಂತಲೇ ತಿಳಿಯಿರಿ.

ಹಾಳೆ ನೋಡಿ ಬರೆಯುವುದು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಗಾವತಿಯ ಒಂದು ಟ್ಯೂಷನ್, ಗಣಿತ ಮತ್ತು ಭೌತಶಾಸ್ತ್ರ ಮಾತ್ರ ಹೇಳಿಕೊಡುತ್ತಾರೆ. ಹತ್ತು ತಿಂಗಳ ಕೋರ್ಸ್, ಫೀಸ್ ಇದೆ. ನಾಲ್ಕು ಮಕ್ಕಳು ಮುಂದೆ ಬಂದಿದ್ದಾರೆ. ಹೆಸರುಗಳು ನಾನೇ ಇಟ್ಟದ್ದು.

ಸುಮಾಗೆ ಗಣಿತದಲ್ಲಿ 100, ಭೌತಶಾಸ್ತ್ರದಲ್ಲಿ 97. ವಯಸ್ಸು 17. ಅಮ್ಮ ಹೆಸರು, ಅಂಕಕ್ಕೆ ಹೌದು ಅಂದಿದ್ದಾರೆ, ಫೋಟೋಗೆ ಬೇಡ. ಮಂಜು 17ರವನು, ಗಣಿತದಲ್ಲಿ 99. ಅವನ ಅಪ್ಪ ಎಲ್ಲದಕ್ಕೂ ಹೌದು, ಅವನಿಗೂ ಖುಷಿ. ಆಸ್ಮಾಗೆ 18 ತುಂಬಿದೆ, ಗಣಿತದಲ್ಲಿ 98, ತಾನೇ ಸಹಿ ಹಾಕಿದ್ದಾಳೆ. ಮೊದಲ ಹೆಸರು ಮಾತ್ರ, ಫೋಟೋ ಬೇಡ. ನಾಲ್ಕನೆಯವನ ಹಾಳೆ ಬಂದಿಲ್ಲ. ಅವನ ಗಣಿತದ ಅಂಕ ಕೂಡ 100.

ಮಂಜುವಿನ ಅಪ್ಪ ಎಲ್ಲದಕ್ಕೂ ಒಪ್ಪಿದ್ದಾರೆ ಅಂತ ಅವನೊಬ್ಬನ ಫೋಟೋ ಹಾಕಿ ಉಳಿದವರ ಜಾಗ ಖಾಲಿ ಬಿಟ್ಟರೆ, ಖಾಲಿ ಜಾಗವೇ ಮಾತಾಡುತ್ತದೆ. ಅವರ ಮನೆಯವರು ಬಿಡಲಿಲ್ಲವಂತೆ ಅಂತ ಕಾಮೆಂಟ್ ಬರುತ್ತದೆ. ಫೋಟೋ ಬದಲು ಬೂದು ಬಣ್ಣದ ಗೊಂಬೆ ಚಿತ್ರ ಹಾಕಿದರೂ ಅಷ್ಟೇ. ಹಾಗಾಗಿ ಒಂದೇ ಪೋಸ್ಟ್‌ನಲ್ಲಿ ಎಲ್ಲರೂ ಇರುವುದಾದರೆ, ಎಲ್ಲರಿಗೂ ಸಮನಾಗಿ ಸಿಗುವಷ್ಟನ್ನೇ ಹಾಕಿ. ಇಲ್ಲಿ ಅದು ಮೊದಲ ಹೆಸರು ಮತ್ತು ಗಣಿತದ ಅಂಕ. ಚಿತ್ರಕ್ಕೆ ಬಣ್ಣದ ಹಿನ್ನೆಲೆ ಮೇಲೆ ಅಕ್ಷರ ಸಾಕು.

> ಗಣಿತದಲ್ಲಿ ಮಂಜು 99, ಸುಮಾ 100, ಆಸ್ಮಾ 98. ಇವರ ಜೊತೆ ಇನ್ನೂ ಎಂಟು ಗೆಳೆಯರು 95 ದಾಟಿದ್ದಾರೆ. ಎಲ್ಲರಿಗೂ ನಮ್ಮ ಅಭಿನಂದನೆ. ಹತ್ತು ತಿಂಗಳು ಸಂಜೆ ಕ್ಲಾಸಿಗೆ ಬಂದು ಓದಿದ ಶ್ರಮ ಅವರದ್ದು. ಕಾಲೇಜಿನ ಉಪನ್ಯಾಸಕರಿಗೂ ಮನೆಯವರಿಗೂ ವಂದನೆ.
>
> ಸೆಕೆಂಡ್ ಪಿಯುಸಿ ಗಣಿತ ಮತ್ತು ಭೌತಶಾಸ್ತ್ರ, 10 ತಿಂಗಳ ಕೋರ್ಸ್, ಫೀಸ್ ಇರುವ ರೆಗ್ಯುಲರ್ ಬ್ಯಾಚ್. ಹೆಸರು, ಅಂಕಗಳನ್ನು ರಿಸಲ್ಟ್ ನಂತರ ಲಿಖಿತ ಒಪ್ಪಿಗೆ ಪಡೆದು ಹಾಕಲಾಗಿದೆ.

ಇದರಲ್ಲಿ ಕೆಲವು ವಿಷಯ ಗಮನಿಸಿ. ಹೆಸರುಗಳು ಅಂಕದ ಕ್ರಮದಲ್ಲಿಲ್ಲ. ಕ್ರಮದಲ್ಲಿ ಹಾಕಿದರೆ ಎರಡನೇ 100 ಎಲ್ಲಿ ಹೋಯಿತು ಅಂತ ಲೆಕ್ಕ ಹಾಕುವವರಿರುತ್ತಾರೆ. ನಾಲ್ಕನೆಯವನು ಎಂಟು ಗೆಳೆಯರಲ್ಲಿ ಸೇರಿಹೋಗಿದ್ದಾನೆ. ಮೊದಲ ದಿನದ ಪೋಸ್ಟ್‌ನ 11ಕ್ಕೂ ಇದು ತಾಳೆ ಆಗುತ್ತದೆ. ಅವನ ಬಗ್ಗೆ ಹೆಸರು ಹೇಳಲಿಚ್ಛಿಸದ ಇನ್ನೊಬ್ಬ ವಿದ್ಯಾರ್ಥಿಗೆ 100 ಅಂತ ಬರೆದಿದ್ದರೆ ಇಡೀ ಬ್ಯಾಚ್‌ಗೆ ಅದು ಯಾರು ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಹೋಗುವುದಿಲ್ಲ. ಸಣ್ಣ ಊರಿನಲ್ಲಂತೂ ಕ್ಯಾಂಪಿನಿಂದ ಬರುವ ಏಕೈಕ ಹುಡುಗಿ, ಹಮಾಲಿ ಮಾಡುವವರ ಮಗ ಅಂದರೆ ಸಾಕು. ಬಡತನದ ಕಥೆ ಸೇರಿಸುವ ಆಸೆ ಬಹಳ ಜನರಿಗೆ ಇರುತ್ತದೆ, ಲೈಕ್ ಜಾಸ್ತಿ ಬೀಳುತ್ತವೆ ಅಂತ. ಆ ಕಥೆ ಹೇಳುವುದೋ ಬಿಡುವುದೋ ಆ ಹುಡುಗನಿಗೆ ಬಿಟ್ಟದ್ದು.

ಒಟ್ಟು 600ಕ್ಕೆ ಎಷ್ಟು ಅನ್ನುವುದನ್ನು ನಾನು ಬಿಟ್ಟಿದ್ದೇನೆ. ಕನ್ನಡ, ಇಂಗ್ಲಿಷ್, ರಸಾಯನಶಾಸ್ತ್ರ ಈ ಟ್ಯೂಷನ್‌ನವರು ಕಲಿಸಿಲ್ಲ. ಅದೂ ಸೇರಿದ ಮೊತ್ತವನ್ನು ತಮ್ಮ ಸಾಧನೆ ಅಂತ ತೋರಿಸುವುದು ಸುಳ್ಳಿನ ಪಕ್ಕಕ್ಕೇ ಬರುತ್ತದೆ. ಟಾಪರ್ ಹೆಸರು ಹಾಕುವಾಗ ಅವರು ಯಾವ ಕೋರ್ಸ್ ತೆಗೆದುಕೊಂಡಿದ್ದರು, ಎಷ್ಟು ಅವಧಿ, ಫೀಸ್ ಕಟ್ಟಿದ್ದಾ ಉಚಿತವಾ ಅನ್ನುವುದನ್ನೂ ಹೇಳಬೇಕು ಅಂತ ಗ್ರಾಹಕ ಪ್ರಾಧಿಕಾರ ಕೇಳುತ್ತದೆ. ಒಂದು ತಿಂಗಳ ಕ್ರ್ಯಾಶ್ ಕೋರ್ಸ್‌ಗೆ ಬಂದವನನ್ನು ಎರಡು ವರ್ಷ ಓದಿದವನ ಹಾಗೆ ತೋರಿಸಬಾರದು ಅನ್ನುವುದು ಇದರ ಉದ್ದೇಶ. ಇಂಥ ಷರತ್ತಿನ ಮಾತನ್ನು ಇರುವೆ ಗಾತ್ರದ ಅಕ್ಷರದಲ್ಲಿ ಮೂಲೆಗೆ ತಳ್ಳುವುದಕ್ಕೂ ಅವಕಾಶ ಇಲ್ಲ. ದೊಡ್ಡ ಮಾತಿನ ಅಕ್ಷರ ಎಷ್ಟು ಗಾತ್ರವೋ ಅದೂ ಅಷ್ಟೇ ಇರಬೇಕು. ಫ್ಲೆಕ್ಸ್ ಡಿಸೈನ್ ಮಾಡುವವರಿಗೆ ಇದನ್ನು ಮೊದಲೇ ಹೇಳಿ, ಆಮೇಲೆ ಜಾಗ ಇಲ್ಲ ಅನ್ನುತ್ತಾರೆ.

ಮಂಜುವಿಗೆ ಫೋಟೋ ಬರಬೇಕು ಅಂತ ಆಸೆ ಇದ್ದರೆ ಅವನಿಗೆ ಬೇರೆ ಪೋಸ್ಟ್ ಮಾಡಿ. ಅಲ್ಲಿ ಅವನದ್ದೇ ಒಂದು ಮಾತು ಹಾಕಬಹುದು. ಆ ಮಾತನ್ನು ಅವನೇ ಹೇಳಿರಬೇಕು. ನಾನು ಯಾವ ಡೌಟ್ ಕೇಳಿದರೂ ಸರ್ ಬೇಜಾರು ಮಾಡಿಕೊಳ್ಳದೆ ಹೇಳಿಕೊಟ್ಟರು ಅಂತ ಪೇಜ್ ನೋಡುವ ಹುಡುಗ ತಾನೇ ಬರೆದು ಉದ್ಧರಣ ಚಿಹ್ನೆ ಹಾಕಿದರೆ ಅದೂ ದಾರಿ ತಪ್ಪಿಸುವ ಜಾಹೀರಾತೇ. ಬರೆದು ಮುಗಿದ ಮೇಲೆ ಪೂರ್ತಿ ಪೋಸ್ಟ್ ಅನ್ನು, ಚಿತ್ರ ಸಮೇತ, ಮನೆಯವರ ನಂಬರ್‌ಗೆ ಕಳಿಸಿ. ಸರಿ ಅಂತ ಉತ್ತರ ಬಂದ ಮೇಲೆ ಪಬ್ಲಿಷ್ ಒತ್ತಿ. ಹೆಸರಿನ ಕಾಗುಣಿತದ ತಪ್ಪೂ ಅಲ್ಲೇ ಸಿಕ್ಕಿಬೀಳುತ್ತದೆ.

ವಾರದ ಟೆಸ್ಟ್‌ನಲ್ಲಿ ಫಸ್ಟ್ ಬಂದವರು ಅಂತ ಸ್ಟೇಟಸ್ ಹಾಕುವ ಪದ್ಧತಿ ಇದ್ದರೆ ಅದನ್ನು ಸುಮ್ನೆ ನಿಲ್ಲಿಸಿಬಿಡಿ. ಕೋಚಿಂಗ್ ಸೆಂಟರ್‌ಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ, ಒಳಗಿನ ಟೆಸ್ಟ್‌ಗಳ ಅಂಕವನ್ನು ಬಹಿರಂಗ ಮಾಡಬೇಡಿ ಅನ್ನುತ್ತದೆ. ಫಸ್ಟ್ ಬಂದವನ ಹೆಸರು ಪ್ರತಿ ವಾರ ಬಂದರೆ ಬರದವರ ಹೆಸರೂ ಪ್ರತಿ ವಾರ ಬಂದಂತೆಯೇ ಆಗುತ್ತದೆ.

ಒತ್ತುವ ಮೊದಲು ಚಿತ್ರವನ್ನು ದೊಡ್ಡದು ಮಾಡಿ ನೋಡಿ

ಅಕ್ಷರಗಳಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಚಿತ್ರ ಎಲ್ಲವನ್ನೂ ಹೇಳಿಬಿಡಬಹುದು. ಕ್ಲಾಸ್‌ರೂಮಿನಲ್ಲಿ ಲಡ್ಡು ತಿನ್ನಿಸುವ ಫೋಟೋ ತೆಗೆದಿದ್ದೀರಿ ಅಂದುಕೊಳ್ಳಿ. ಹಿಂದಿನ ಗೋಡೆಗೆ ಅಟೆಂಡೆನ್ಸ್ ಪಟ್ಟಿ ಅಂಟಿಸಿದೆ, ಅದರಲ್ಲಿ ಇಡೀ ಬ್ಯಾಚ್‌ನ ಹೆಸರು ಮತ್ತು ಫೋನ್ ನಂಬರ್. ಹುಡುಗನ ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡ್, ಅದರಲ್ಲಿ ವಿಳಾಸ ಮತ್ತು ರಕ್ತದ ಗುಂಪು. ಕೈಯಲ್ಲಿ ಅಂಕಪಟ್ಟಿ. ಪಕ್ಕದಲ್ಲಿ ಒಪ್ಪಿಗೆ ಕೊಡದ ಇಬ್ಬರು ನಗುತ್ತಾ ನಿಂತಿದ್ದಾರೆ. ಮೊಬೈಲ್‌ನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನಾಲ್ಕೂ ಮೂಲೆ ನೋಡಿ. ಕಾಣಬಾರದ್ದು ಇದ್ದರೆ ಕತ್ತರಿಸಿ ತೆಗೆಯಿರಿ. ಎಡಿಟ್ ಆ್ಯಪ್‌ನಲ್ಲಿ ತೆಳುವಾದ ಪೆನ್ನಿನಿಂದ ಗೀಚಿದರೆ ಬೆಳಕು ಹೆಚ್ಚಿಸಿದಾಗ ಕೆಳಗಿನ ಅಕ್ಷರ ಕಾಣುವುದುಂಟು. ಗಟ್ಟಿ ಬಣ್ಣದ ಚೌಕ ಇಟ್ಟು ಮುಚ್ಚಿ.

ಪೋಸ್ಟ್ ಮಾಡುವಾಗ ವಿದ್ಯಾರ್ಥಿಯ ಇನ್‌ಸ್ಟಾ ಖಾತೆಯನ್ನು ಟ್ಯಾಗ್ ಮಾಡಬೇಡಿ. ಟ್ಯಾಗ್ ಇದ್ದರೆ ಒಂದೇ ಒತ್ತಿಗೆ ಅಪರಿಚಿತರು ಅವಳ ಎಲ್ಲ ಫೋಟೋಗೆ ತಲುಪುತ್ತಾರೆ. ಮೊದಲ ಎರಡು ದಿನ ಕಾಮೆಂಟ್‌ಗಳ ಮೇಲೆ ಕಣ್ಣಿರಲಿ. ಅಭಿನಂದನೆ ಹೇಳಲು ಬಂದ ಸೋದರಮಾವನೇ ಊರು, ಮನೆತನ, ಅಪ್ಪನ ಅಂಗಡಿ ಎಲ್ಲ ಬರೆದು ಹೋಗುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಕಾಮೆಂಟ್ ಮರೆಮಾಡಿ, ಇನ್‌ಬಾಕ್ಸ್‌ನಲ್ಲಿ ಕಾರಣ ಹೇಳಿ.

ತೆಗೀರಿ ಅಂದಾಗ

ಪೋಸ್ಟ್ ಹಾಕಿ ಒಂದು ತಿಂಗಳ ಮೇಲೆ ಸುಮಾಳ ಅಮ್ಮ ಮೆಸೇಜ್ ಮಾಡುತ್ತಾರೆ: ಸರ, ಮಗಳ ಹೆಸರು ತೆಗೀರಿ. ಯಾಕೆ ಅಂತ ಕೇಳಬಾರದು, ಇನ್ನೊಂದು ವಾರ ಇರಲಿ ಅಂತ ಚೌಕಾಸಿಯೂ ಬೇಡ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳುವ ದಾರಿ ಇರಬೇಕು ಅಂತ 2023ರ ಕಾಯ್ದೆಯೇ ಹೇಳುತ್ತದೆ. ಅಂದೇ ಸಂಜೆಯೊಳಗೆ ತೆಗೆದು, ತೆಗೆದಿದ್ದೇವೆ ಅಂತ ಉತ್ತರ ಕೊಡಿ.

ಇಲ್ಲಿ ಎಡವುವುದು ಪೋಸ್ಟ್ ಎಲ್ಲೆಲ್ಲಿ ಹೋಗಿದೆ ಅಂತ ಬರೆದಿಡದವರು. ಫೇಸ್‌ಬುಕ್‌ನಲ್ಲಿ ಅಳಿಸುತ್ತಾರೆ, ಇನ್‌ಸ್ಟಾ ಹೈಲೈಟ್‌ನಲ್ಲಿ ಉಳಿಯುತ್ತದೆ. ಟ್ಯೂಷನ್‌ನ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಇರುತ್ತದೆ, ಗೂಗಲ್ ಮ್ಯಾಪ್‌ನ ಫೋಟೋಗಳಲ್ಲಿ ಇರುತ್ತದೆ. ಒಂದು ನೋಟ್‌ಬುಕ್ ಇಟ್ಟು ಪ್ರತಿ ಮಗುವಿಗೆ ಒಂದು ಸಾಲು ಬರೆಯಿರಿ: ಯಾವುದಕ್ಕೆ ಹೌದು, ಎಲ್ಲೆಲ್ಲಿ ಹಾಕಿದೆ, ಯಾವ ತಾರೀಖಿಗೆ ತೆಗೆಯಬೇಕು, ತೆಗೆದದ್ದು ಯಾವಾಗ. ಒಪ್ಪಿಗೆ ಹಾಳೆಗಳನ್ನು ಬೀರುವಿನಲ್ಲಿ ಇಡಿ. ಅವುಗಳ ಫೋಟೋ ತೆಗೆದು ಸ್ಟಾಫ್ ಗ್ರೂಪ್‌ಗೆ ಹಾಕಿದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ಬೇರೆಯವರು ಶೇರ್ ಮಾಡಿಕೊಂಡದ್ದನ್ನು ನೀವು ಅಳಿಸಲು ಆಗುವುದಿಲ್ಲ. ಇದನ್ನು ಒಪ್ಪಿಗೆ ಕೇಳುವಾಗಲೇ ಮನೆಯವರಿಗೆ ಬಾಯಿಬಿಟ್ಟು ಹೇಳಿ. ಒಮ್ಮೆ ಹೊರಗೆ ಹೋದ ಫೋಟೋ ನಮ್ಮ ಕೈ ಮೀರುತ್ತದೆ ಅಂತ ಕೇಳಿದ ಮೇಲೆ ಕೆಲವರು ಫೋಟೋದಿಂದ ಹೆಸರಿಗೆ ಇಳಿಯುತ್ತಾರೆ. ಇಳಿಯಲಿ.

ಇನ್ನು ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ. ಡಿಸೈನ್ ಫೈಲ್, ಮಕ್ಕಳ ಫೋಟೋಗಳು ಅವರ ಕಂಪ್ಯೂಟರ್‌ನಲ್ಲೇ ಕೂತಿರುತ್ತವೆ. ಮುಂದಿನ ವರ್ಷ ಬೇರೆ ಯಾರದೋ ಪೋಸ್ಟರ್‌ಗೆ ಸ್ಯಾಂಪಲ್ ಅಂತ ಅದೇ ಮುಖ ಹೊರಬರಬಹುದು. ಪ್ರಿಂಟ್ ಕೈಗೆ ಬಂದ ದಿನವೇ ಅಂಗಡಿಯವರ ಮುಂದೆ ನಿಂತು ಫೈಲ್ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಕೆಳಗಿಳಿಸಿದ ಫ್ಲೆಕ್ಸನ್ನು ಮಡಚಿ ಯಾರಿಗೋ ಕೊಡಬೇಡಿ. ನಮ್ಮ ಕಡೆ ಅದು ಭತ್ತದ ರಾಶಿ ಮೇಲೆ, ಗೂಡಂಗಡಿ ಮಾಡಿನ ಮೇಲೆ ಇನ್ನೆರಡು ವರ್ಷ ಬಾಳುತ್ತದೆ, ಮುಖ ಮೇಲಕ್ಕಿಟ್ಟುಕೊಂಡು. ಫೋಟೋ, ಹೆಸರಿರುವ ಭಾಗವನ್ನು ಕತ್ತರಿಸಿ ಚೂರು ಮಾಡಿ, ಉಳಿದದ್ದು ಯಾರಾದರೂ ಒಯ್ಯಲಿ.